ಸಂದರ್ಶನ ವಿಡಿಯೊದಲ್ಲಿ ಆಗಲಿ ಎಂದು ಕೇಳುವ ಮುನ್ನ

ಬೆಂಗಳೂರಿನ ಕಂಪನಿಯಿಂದ ಇಮೇಲ್ ಬಂದಿದೆ. ಗುರುವಾರ ಬೆಳಿಗ್ಗೆ 10ಕ್ಕೆ ವೈಟ್‌ಫೀಲ್ಡಿನ ಕಚೇರಿಗೆ ಖುದ್ದಾಗಿ ಬನ್ನಿ ಎಂದಿದ್ದಾರೆ. ನೀವಿರುವುದು ಕಲಬುರಗಿಯಲ್ಲಿ. ನಡುವೆ ಸುಮಾರು 600 ಕಿಲೋಮೀಟರ್. ಬುಧವಾರ ರಾತ್ರಿ ಬಸ್ಸು ಹತ್ತಿದರೆ ಬೆಳಗಾಗುವಾಗ ಮೆಜೆಸ್ಟಿಕ್, ಅಲ್ಲಿಂದ ಮೆಟ್ರೋದಲ್ಲಿ ಊರಿನ ಆ ತುದಿಗೆ, ಸಂಜೆ ಮತ್ತೆ ರಾತ್ರಿ ಬಸ್ಸು. ಅರ್ಧ ಗಂಟೆಯ ಮಾತುಕತೆಗೆ ಎರಡು ರಾತ್ರಿ ನಿದ್ದೆಯಿಲ್ಲ, ಈಗಿರುವ ಕೆಲಸದಲ್ಲಿ ರಜೆ ಬೇರೆ. ವಿಡಿಯೊದಲ್ಲೇ ಮುಗಿದರೆ ಎಷ್ಟು ಚೆನ್ನ ಅನ್ನಿಸುವುದು ಸಹಜ. ಹಾಗಾದರೆ ಕೇಳಿ. ಅಳದಿದ್ದರೆ ತಾಯಿಯೂ ಹಾಲು ಕೊಡಳು ಅನ್ನುತ್ತಾರೆ. ಸಂಕೋಚಪಟ್ಟುಕೊಂಡು ಸುಮ್ಮನೆ ಕೂತು, ಕೊನೆಗೆ ಹೋಗಲೂ ಆಗದೆ ಫೋನ್ ಆಫ್ ಮಾಡಿಕೊಳ್ಳುವುದಕ್ಕಿಂತ ಕೇಳುವುದು ಸಾವಿರ ಪಾಲು ಮೇಲು.

ಆದರೆ ನೀವು ಕೇಳುವ ರೀತಿ ಇದೆಯಲ್ಲ, ಅದರ ಬಗ್ಗೆಯೇ ನನ್ನ ತಕರಾರು. ಕಂಪನಿಯ ಸಿಬ್ಬಂದಿ ವಿಭಾಗದಲ್ಲಿ ಕೂತು ಇಂಥ ವಿನಂತಿಗಳನ್ನು ವರ್ಷಗಟ್ಟಲೆ ಓದಿದವಳು ನಾನು. "ನಾನು ಬೇರೆ ಊರಿನಲ್ಲಿದ್ದೇನೆ, ಬರಲು ಆಗುವುದಿಲ್ಲ, ವಿಡಿಯೊ ಇಂಟರ್‌ವ್ಯೂ ಮಾಡಿ" ಎಂದು ಒಂದೇ ಸಾಲು, ಅದೂ ವಾಟ್ಸ್‌ಆ್ಯಪ್‌ನಲ್ಲಿ, ಅದೂ ಹಿಂದಿನ ರಾತ್ರಿ ಒಂಬತ್ತೂವರೆಗೆ. ಕೇಳಿದ ವಿಷಯದಲ್ಲಿ ತಪ್ಪಿಲ್ಲ. ಆ ಒಂದು ಸಾಲನ್ನು ಆಚೆ ಕೂತವರು ಏನೆಂದು ಓದಿಕೊಳ್ಳುತ್ತಾರೆ ಎಂದು ನೀವು ಯೋಚಿಸಿರುವುದಿಲ್ಲ.

ಅದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಇದರ ಮೇಲೆಯೇ ನಿಂತಿದೆ. ಕಲಬುರಗಿಯಿಂದ ಬೆಂಗಳೂರು ದೂರ ಎಂಬುದು ಎಚ್‌ಆರ್‌ನವರಿಗೂ ಗೊತ್ತು. ವಿಡಿಯೊ ಕೊಂಡಿ ಕಳಿಸುವುದು ಅವರಿಗೆ ದೊಡ್ಡ ಕೆಲಸವೇನಲ್ಲ. ಅವರ ತಲೆಯಲ್ಲಿ ಏಳುವ ಪ್ರಶ್ನೆ ಬೇರೆ: ಒಂದು ದಿನದ ಮಟ್ಟಿಗೆ ಬೆಂಗಳೂರಿಗೆ ಬರಲಾಗದ ಇವರು ನಾಳೆ ಕೆಲಸ ಕೊಟ್ಟರೆ ಮನೆ ಮಾಡಿಕೊಂಡು ಬರುತ್ತಾರಾ? ಆಫರ್ ಲೆಟರ್ ತೆಗೆದುಕೊಂಡು, ಅದನ್ನೇ ತೋರಿಸಿ ಈಗಿನ ಕಡೆ ಸಂಬಳ ಹೆಚ್ಚಿಸಿಕೊಂಡು, ಸೇರುವ ದಿನ ಕೈಕೊಟ್ಟವರನ್ನು ಅವರು ಬೇಕಾದಷ್ಟು ನೋಡಿದ್ದಾರೆ. ನಿಮ್ಮ ಒಂದು ಸಾಲಿನ ಸಂದೇಶ ಆ ಅನುಮಾನವನ್ನು ಎಬ್ಬಿಸಿ ಅಲ್ಲೇ ಬಿಡುತ್ತದೆ. ಹಾಗಾಗಿ ವಿಡಿಯೊ ಬೇಕು ಎಂದು ಕೇಳುವ ಪತ್ರದಲ್ಲೇ, ಕೆಲಸ ಸಿಕ್ಕರೆ ಆ ಊರಿಗೆ ಬಂದು ನೆಲೆಸುತ್ತೇನೆ ಎಂಬ ಮಾತೂ ಇರಬೇಕು. ಎಷ್ಟು ದಿನದಲ್ಲಿ ಬರಬಲ್ಲೆ ಎಂಬುದೂ ಇರಬೇಕು. ಇದನ್ನು ಬರೆದವರು ನೂರರಲ್ಲಿ ಹತ್ತು ಮಂದಿಯೂ ನನಗೆ ಸಿಗಲಿಲ್ಲ.

ಎರಡನೆಯ ಅಂಜಿಕೆಯೊಂದಿದೆ, ಅದು ಈಚಿನದು. ಕೊರೋನಾ ಕಾಲದಲ್ಲಿ ಎಲ್ಲರೂ ವಿಡಿಯೊಗೆ ಹೋದರು. ಆಮೇಲೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೂತು ಉತ್ತರ ಹೇಳುವುದು, ಪಕ್ಕದಲ್ಲಿ ಯಾರೋ ಪಿಸುಗುಡುವುದು, ಪರದೆ ನೋಡಿ ಓದುವುದು ಶುರುವಾಯಿತು. ದೊಡ್ಡ ದೊಡ್ಡ ಕಂಪನಿಗಳೇ ಒಂದು ಸುತ್ತಾದರೂ ಎದುರುಬದುರು ಇರಲಿ ಎನ್ನತೊಡಗಿವೆ. ಗೂಗಲ್ ಮುಖ್ಯಸ್ಥ ಸುಂದರ್ ಪಿಚೈ ಅವರೂ 2025ರಲ್ಲಿ ಇದೇ ಮಾತು ಹೇಳಿದರು. ಆದ್ದರಿಂದ "ಖುದ್ದಾಗಿ ಬನ್ನಿ" ಎಂದರೆ ನಿಮ್ಮನ್ನು ಸುಮ್ಮನೆ ಸತಾಯಿಸುತ್ತಿದ್ದಾರೆ ಎಂದು ತಿಳಿಯಬೇಡಿ. ಇಡೀ ಸಂದರ್ಶನವನ್ನೇ ವಿಡಿಯೊಗೆ ಬದಲಾಯಿಸಿ ಎಂದು ಕೇಳಬೇಡಿ. ಮೊದಲ ಸುತ್ತು ಮಾತ್ರ ವಿಡಿಯೊದಲ್ಲಿ ಆಗಲಿ, ಮುಂದಿನದಕ್ಕೆ ನಾನೇ ಬರುತ್ತೇನೆ ಎಂದು ಕೇಳಿ. ಅರ್ಧ ಕೇಳಿದವರಿಗೆ ಒಪ್ಪಿಗೆ ಬೇಗ ಸಿಗುತ್ತದೆ.

ಈಗ ನಿಮ್ಮ ಬಯೊಡೇಟಾ ತೆಗೆದು ಒಮ್ಮೆ ನೋಡಿ. ವಿಳಾಸದ ಜಾಗದಲ್ಲಿ ಏನು ಹಾಕಿದ್ದೀರಿ? ಬೆಂಗಳೂರು ಎಂದು ಹಾಕಿದರೆ ಹೆಚ್ಚು ಕರೆ ಬರುತ್ತವೆ ಎಂದು ಯಾರೋ ಗೆಳೆಯರು ಹೇಳಿದ್ದಕ್ಕೆ ನೌಕ್ರಿ, ಲಿಂಕ್ಡ್‌ಇನ್‌ಗಳಲ್ಲಿ ಈಗಿರುವ ಊರು ಬೆಂಗಳೂರು ಎಂದು ತುಂಬಿದವರು ಬಹಳ ಜನ. ಸಂದರ್ಶನ ಬಂದ ದಿನ "ನಾನು ಕಲಬುರಗಿಯಲ್ಲಿದ್ದೇನೆ" ಎಂದರೆ ಅವರು ಮೊದಲು ಮಾಡುವುದೇ ಆ ಹಾಳೆ ತೆರೆದು ನೋಡುವುದು. ಸತ್ಯಕ್ಕೆ ಸಾವಿಲ್ಲ, ಸುಳ್ಳಿಗೆ ಸುಖವಿಲ್ಲ. ಇರುವ ಊರನ್ನೇ ಹಾಕಿ, ಅದರ ಮುಂದೆ "ಬೆಂಗಳೂರಿಗೆ ಬರಲು ಸಿದ್ಧ" ಎಂದು ಸೇರಿಸಿ. ಈಗಾಗಲೇ ತಪ್ಪು ಊರು ಕೊಟ್ಟಿದ್ದರೆ, ಪತ್ರ ಬರೆಯುವ ಮುಂಚೆ ಅದನ್ನು ಸರಿಪಡಿಸಿ ಹೊಸ ಪ್ರತಿಯನ್ನು ಜೊತೆಗಿಡಿ. ಕಳ್ಳತನದಿಂದ ಬದಲಿಸಿ ಸುಮ್ಮನಿರುವುದು ಬೇಡ.

ಎಲ್ಲ ಕಡೆಯೂ ಕೇಳಬಾರದು, ಇದನ್ನೂ ತಿಳಿದುಕೊಳ್ಳಿ. ಸರ್ಕಾರಿ ನೇಮಕಾತಿಯ ಕರೆಪತ್ರದಲ್ಲಿ ದಿನ, ಜಾಗ ಬರೆದಿದ್ದರೆ ಅದು ಅಷ್ಟೇ. ದಾಖಲೆ ಪರಿಶೀಲನೆಯೂ ಅಲ್ಲೇ ಇರುತ್ತದೆ, ವಿನಂತಿಗೆ ಜಾಗವಿಲ್ಲ. ಅಲ್ಲಿ ನೀವು ಓದಬೇಕಾದದ್ದು ಪ್ರಯಾಣ ಭತ್ಯೆಯ ಸಾಲು. ಕೆಲವು ಸಾರ್ವಜನಿಕ ಸಂಸ್ಥೆಗಳು ಹೊರಊರಿನವರಿಗೆ ರೈಲಿನ ನಿರ್ದಿಷ್ಟ ದರ್ಜೆಯ ದರ ವಾಪಸ್ ಕೊಡುತ್ತವೆ, ಟಿಕೆಟ್ ಜೋಪಾನವಾಗಿಟ್ಟುಕೊಂಡರೆ ಮಾತ್ರ. ಶಾಲೆಯಲ್ಲಿ ಪಾಠ ಮಾಡಿ ತೋರಿಸುವುದು, ಕಾರ್ಖಾನೆಯಲ್ಲಿ ಯಂತ್ರದ ಮೇಲೆ ಕೆಲಸ ಮಾಡಿ ತೋರಿಸುವುದು ಇದ್ದರೆ ಅದಕ್ಕೂ ಹೋಗಲೇಬೇಕು. ವಾಕ್-ಇನ್ ಅಂತೂ ಹೆಸರೇ ಹೇಳುವಂತೆ ನಡೆದುಹೋಗುವಂಥದ್ದು. ಉಳಿದಂತೆ ಖಾಸಗಿ ಕಂಪನಿಯ ಮೊದಲ ಸುತ್ತು, ಮೇಜಿನ ಮುಂದೆ ಕೂತು ಪ್ರಶ್ನೋತ್ತರ ನಡೆಯುವಂಥದ್ದು ಎಂದರೆ ಧಾರಾಳವಾಗಿ ಕೇಳಬಹುದು. ಯಾವ ಸುತ್ತು ಎಂದು ಇಮೇಲ್‌ನಲ್ಲಿ ಇಲ್ಲದಿದ್ದರೆ ಅದನ್ನೇ ಮೊದಲು ಕೇಳಿ ತಿಳಿದುಕೊಳ್ಳಿ. ಒಂದು ಎಚ್ಚರಿಕೆ: ವಿಡಿಯೊಗೆ ಬದಲಾಯಿಸಲು ಇಷ್ಟು ಹಣ ಕಟ್ಟಿ, ಸ್ಲಾಟ್‌ಗೆ ಶುಲ್ಕ ಕೊಡಿ ಎಂದು ಯಾರಾದರೂ ಹೇಳಿದರೆ ಅದು ಮೋಸ. ಅಲ್ಲಿಗೇ ಬಿಟ್ಟುಬಿಡಿ.

ಯಾವಾಗ ಕೇಳಬೇಕು? ಕರೆ ಬಂದ ದಿನವೇ, ತಡವಾದರೆ ಮರುದಿನ ಮಧ್ಯಾಹ್ನದೊಳಗೆ. ಈಗ ಎಷ್ಟೋ ಕಚೇರಿಗಳಲ್ಲಿ ವಾರದಲ್ಲಿ ಕೆಲವು ದಿನ ಮಾತ್ರ ಜನ ಬರುತ್ತಾರೆ. ನಿಮ್ಮ ಸಂದರ್ಶನಕ್ಕೆಂದೇ ಇಬ್ಬರು ಮೇಲಧಿಕಾರಿಗಳ ಬಿಡುವು ಹೊಂದಿಸಿ, ಒಂದು ಕೋಣೆ ಕಾದಿರಿಸಿ ಗುರುವಾರ ಎಂದು ಗೊತ್ತುಮಾಡಿರುತ್ತಾರೆ. ಸೋಮವಾರ ಕೇಳಿದರೆ ಅದನ್ನು ಬದಲಿಸುವುದು ಒಂದು ಫೋನಿನ ಕೆಲಸ. ಬುಧವಾರ ರಾತ್ರಿ ಕೇಳಿದರೆ, ಬರದೆ ತಪ್ಪಿಸಿಕೊಳ್ಳುವವರ ಪಟ್ಟಿಗೆ ನಿಮ್ಮನ್ನೂ ಸೇರಿಸುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ಯಾರನ್ನು ಕೇಳಬೇಕು ಎಂಬುದರಲ್ಲೂ ಎಡವುತ್ತೀರಿ. ಕರೆ ಕಳಿಸಿದವರಿಗೇ ಬರೆಯಿರಿ, ಅದೇ ಇಮೇಲ್‌ಗೆ ಉತ್ತರವಾಗಿ, ವಿಷಯದ ಸಾಲನ್ನು ಬದಲಿಸದೆ. ಅವರು ದಿನಕ್ಕೆ ಹತ್ತಾರು ಜನರನ್ನು ನೋಡುತ್ತಾರೆ, ಹೊಸ ಇಮೇಲ್ ಆದರೆ ನೀವು ಯಾರೆಂದು ಹುಡುಕಬೇಕಾಗುತ್ತದೆ. ಕನ್ಸಲ್ಟೆನ್ಸಿಯ ಮೂಲಕ ಕರೆ ಬಂದಿದ್ದರೆ ಅವರ ಮೂಲಕವೇ ಕೇಳಿ. ಅವರನ್ನು ದಾಟಿ ಕಂಪನಿಯ ಮ್ಯಾನೇಜರ್‌ಗೆ ಲಿಂಕ್ಡ್‌ಇನ್‌ನಲ್ಲಿ ಸಂದೇಶ ಹಾಕುವುದು ಜಾಣತನವಲ್ಲ, ಇಬ್ಬರಿಗೂ ಇರುಸುಮುರುಸು. ಫೋನ್ ಮಾಡಿ ಕೇಳಿದರೂ ಪರವಾಗಿಲ್ಲ, ಆದರೆ ಮಾತು ಮುಗಿದ ಕೂಡಲೇ ಬರಹದಲ್ಲಿ ಕಳಿಸಿ. ಫೋನಿನಲ್ಲಿ ಹೂಂ ಎಂದವರು ಗುರುವಾರ ರಜೆಯಲ್ಲಿದ್ದರೆ ಯಾರಿಗೂ ಗೊತ್ತಿರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡು ಪತ್ರ ಬರೆದೇ ನೋಡೋಣ. ಕಲಬುರಗಿಯ ತೊಗರಿಬೇಳೆ ಮಿಲ್ಲೊಂದರ ಕಚೇರಿಯಲ್ಲಿ ಲೆಕ್ಕ ಬರೆಯುವ ಹುಡುಗಿ. ಬಿ.ಕಾಂ. ಆಗಿದೆ, ಮೂರು ವರ್ಷದ ಅನುಭವವಿದೆ, ಟ್ಯಾಲಿ, ಜಿಎಸ್‌ಟಿ ಎಲ್ಲ ಬಲ್ಲಳು. ಬೆಂಗಳೂರಿನ ಕಂಪನಿಯ ಲೆಕ್ಕ ವಿಭಾಗದಿಂದ 17ರ ಸೋಮವಾರ ಕರೆ ಬಂದಿದೆ, ಸಂದರ್ಶನ 20ರ ಗುರುವಾರ. ತಿಂಗಳಿಗೊಮ್ಮೆ ಲೆಕ್ಕ ಕೊಡುವ ವ್ಯಾಪಾರಿಗಳು ಜಿಎಸ್‌ಟಿಆರ್-3ಬಿ ಸಲ್ಲಿಸಿ ತೆರಿಗೆ ಕಟ್ಟಲು 20ನೇ ತಾರೀಖೇ ಕಡೆಯ ದಿನ ಎಂಬುದು ಲೆಕ್ಕದವರಿಗೆಲ್ಲ ಗೊತ್ತು. ಅವಳು ಹೀಗೆ ಬರೆಯಬಹುದು. ನೀವು ಇಂಗ್ಲಿಷಿನಲ್ಲಿ ಬರೆದರೂ ಮಾತಿನ ಸಾಲು ಇದೇ ಇರಲಿ:

"ಮೇಡಂ, ನಮಸ್ಕಾರ. ಸಂದರ್ಶನಕ್ಕೆ ಕರೆದಿದ್ದಕ್ಕೆ ಧನ್ಯವಾದ. 20ರ ಗುರುವಾರ ಬೆಳಿಗ್ಗೆ 10 ಗಂಟೆ ನನಗೆ ಅನುಕೂಲ. ನಾನೀಗ ಕಲಬುರಗಿಯಲ್ಲಿ ಕೆಲಸದಲ್ಲಿದ್ದೇನೆ. ಆ ದಿನ ಜಿಎಸ್‌ಟಿಆರ್-3ಬಿ ಸಲ್ಲಿಸುವ ಕೊನೆಯ ದಿನವಾದ್ದರಿಂದ ಬೆಂಗಳೂರಿಗೆ ಬಂದುಹೋಗುವಷ್ಟು ರಜೆ ಸಿಗುವುದು ಕಷ್ಟ. ಈ ಮೊದಲ ಸುತ್ತನ್ನು ಅದೇ ಸಮಯಕ್ಕೆ ವಿಡಿಯೊದಲ್ಲಿ ನಡೆಸಲು ಸಾಧ್ಯವೇ? ಮುಂದಿನ ಸುತ್ತಿಗೆ ಕರೆದರೆ ಖುದ್ದಾಗಿ ಬರುತ್ತೇನೆ. ವಿಡಿಯೊ ಆಗದಿದ್ದರೆ 24ರ ಸೋಮವಾರ ಬೆಳಿಗ್ಗೆ 11ರ ನಂತರ ಯಾವ ಹೊತ್ತಿಗಾದರೂ ಕಚೇರಿಗೆ ಬರಬಲ್ಲೆ. ಆಯ್ಕೆಯಾದರೆ ಬೆಂಗಳೂರಿಗೆ ಬಂದು ನೆಲೆಸಲು ಸಿದ್ಧಳಿದ್ದೇನೆ. ನನ್ನ ನೋಟಿಸ್ ಅವಧಿ 30 ದಿನ."

ಕೆಳಗೆ ಹೆಸರು, ಫೋನ್ ನಂಬರು. ಅಷ್ಟೇ, ಇದಕ್ಕಿಂತ ಒಂದು ಸಾಲೂ ಹೆಚ್ಚು ಬೇಡ.

ಇದರಲ್ಲಿ ಏನಿದೆ ನೋಡಿ. ಮೊದಲು ಒಪ್ಪಿಗೆ, ಆಮೇಲೆ ವಿನಂತಿ. ದಿನ, ಸಮಯ ಬದಲಾಗುತ್ತಿಲ್ಲ, ಕೂರುವ ಜಾಗ ಮಾತ್ರ ಬದಲಾಗುತ್ತಿದೆ ಎಂದು ಓದಿದವರಿಗೆ ಕೂಡಲೇ ತಿಳಿಯುತ್ತದೆ. ಅವರು ಇದನ್ನು ಹಾಗೇ ಮೇಲಧಿಕಾರಿಗೆ ಕಳಿಸಿ ಆಗಬಹುದೇ ಎಂದು ಕೇಳಿದರೆ ಸಾಕು, ಮಧ್ಯೆ ನಿಮಗೆ ಫೋನ್ ಮಾಡಿ ಏನೂ ಕೇಳಿಕೊಳ್ಳಬೇಕಾಗಿಲ್ಲ. ಇನ್ನು ಕಾರಣ. ದೂರದ ಜೊತೆಗೆ ಅವಳು ಕೊಟ್ಟಿರುವುದು ಕೆಲಸದ ಕಾರಣ. ಲೆಕ್ಕದವರನ್ನು ಹುಡುಕುತ್ತಿರುವ ಕಂಪನಿಗೆ, ಕಡೆಯ ದಿನ ಕೆಲಸ ಬಿಟ್ಟು ಓಡಿಬರದ ಹುಡುಗಿ ಎಂದರೆ ಮೆಚ್ಚುಗೆಯೇ. ನಿಮ್ಮ ವೃತ್ತಿಯಲ್ಲೂ ಇಂಥದ್ದೊಂದು ನಿಜವಾದ ಕಾರಣ ಇದ್ದರೆ ಹೇಳಿ. ಇಲ್ಲದಿದ್ದರೆ ದೂರ ಮತ್ತು ರಜೆ, ಇವೆರಡೇ ಸಾಕು. ಅಜ್ಜಿಗೆ ಹುಷಾರಿಲ್ಲ, ಮನೆಯಲ್ಲಿ ಮದುವೆ ಎಂದು ಕಥೆ ಕಟ್ಟಬೇಡಿ. ಬಸ್ ಚಾರ್ಜು ಜಾಸ್ತಿ ಎಂದು ಮೊದಲ ಪತ್ರದಲ್ಲೇ ಬರೆಯಬೇಡಿ. "ಬೇರೆ ಕಂಪನಿಯವರೆಲ್ಲ ವಿಡಿಯೊದಲ್ಲೇ ಮಾಡುತ್ತಾರೆ" ಎಂದಂತೂ ಬೇಡವೇ ಬೇಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

24ರ ಸೋಮವಾರ ಬರುತ್ತೇನೆ ಎಂಬ ಸಾಲನ್ನು ಗಮನಿಸಿದಿರಾ? ಪತ್ರ ಕಳಿಸುವ ಮೊದಲೇ, ಅವರು ಆಗುವುದಿಲ್ಲ ಎಂದರೆ ನಾನು ಹೋಗುತ್ತೇನೋ ಇಲ್ಲವೋ ಎಂದು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡಿರಬೇಕು. ಹೋಗುವ ಮನಸ್ಸಿದ್ದರೆ ದಿನ ಸಮೇತ ಬರೆಯಿರಿ. ಇಲ್ಲದಿದ್ದರೆ ಬರೆಯಬೇಡಿ, ಬರುತ್ತೇನೆ ಎಂದು ಹೇಳಿ ಬರದಿರುವುದು ಎಲ್ಲಕ್ಕಿಂತ ಕೆಟ್ಟದ್ದು. ಬೆಳಿಗ್ಗೆ 11ರ ನಂತರ ಎಂದಿದ್ದಾಳಲ್ಲ, ಅದೂ ಸುಮ್ಮನೆ ಬರೆದದ್ದಲ್ಲ. ರಾತ್ರಿ ಬಸ್ಸು ಒಂದು ಗಂಟೆ ತಡವಾದರೂ ಮುಖ ತೊಳೆದು, ತಿಂಡಿ ತಿಂದು, ಮೆಜೆಸ್ಟಿಕ್‌ನಿಂದ ನೇರಳೆ ಮಾರ್ಗದ ಮೆಟ್ರೋ ಹಿಡಿದು ವೈಟ್‌ಫೀಲ್ಡ್ ಮುಟ್ಟಲು ಆ ಹೊತ್ತು ಬೇಕು. ಒಂಬತ್ತಕ್ಕೆ ಒಪ್ಪಿಕೊಂಡು ಬೆವರು ಸುರಿಸುತ್ತಾ ಓಡಿಹೋಗುವುದು ಯಾಕೆ?

ಪತ್ರ ಹೋಯಿತು. ಇನ್ನು ಉತ್ತರ. ಉತ್ತರವೇ ಬರದಿದ್ದರೆ ಏನು ಎಂದು ನಿಮ್ಮಲ್ಲಿ ಬಹಳ ಜನ ಕೇಳುತ್ತೀರಿ. ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದು ಅರ್ಥ ಮಾಡಿಕೊಳ್ಳಬೇಡಿ, ಇಲ್ಲೇ ಅನೇಕರು ಅವಕಾಶ ಕಳೆದುಕೊಳ್ಳುವುದು. ಅವರು ಒಪ್ಪುವವರೆಗೂ ಸಂದರ್ಶನ ಖುದ್ದಾಗಿಯೇ ಇದೆ. ಸೋಮವಾರ ಬರೆದಿದ್ದರೆ ಮಂಗಳವಾರ ಮಧ್ಯಾಹ್ನ ಒಮ್ಮೆ ಫೋನ್ ಮಾಡಿ, ವಿನಯದಿಂದ: "ನಿನ್ನೆ ಒಂದು ವಿನಂತಿ ಕಳಿಸಿದ್ದೆ, ನೋಡಲು ಆಯಿತಾ ಮೇಡಂ? ಬಸ್ಸಿನ ಟಿಕೆಟ್ ಮಾಡಬೇಕೋ ಬೇಡವೋ ತಿಳಿದುಕೊಳ್ಳೋಣ ಅಂತ." ಟಿಕೆಟ್ಟಿನ ಮಾತು ಬಂದ ಕೂಡಲೇ ಅವರಿಗೂ ನಿಮ್ಮ ತುರ್ತು ಅರ್ಥವಾಗುತ್ತದೆ, ನೀವು ಹೊರಡಲು ತಯಾರಿದ್ದೀರಿ ಎಂಬುದೂ ತಿಳಿಯುತ್ತದೆ. ಒಂದು ಸಲ ಇಮೇಲ್, ಒಂದು ಸಲ ಫೋನ್, ಅಲ್ಲಿಗೆ ಸಾಕು. ಮೂರನೆಯ ಸಲ ಕೇಳಬೇಡಿ. ಬುಧವಾರ ಮಧ್ಯಾಹ್ನದವರೆಗೂ ಉತ್ತರವಿಲ್ಲ ಎಂದರೆ ಹೇಗಾದರೂ ರಜೆ ಹೊಂದಿಸಿ ಬಸ್ಸು ಹತ್ತಿ. ಹೊಂದಿಸಲು ಸಾಧ್ಯವೇ ಇಲ್ಲ ಎಂದಾದರೆ, ಗುರುವಾರ ಬರಲಾಗುತ್ತಿಲ್ಲ, ಸೋಮವಾರ ಬರುತ್ತೇನೆ ಎಂದು ಬುಧವಾರ ಸಂಜೆಯೊಳಗೆ ತಿಳಿಸಿ. ಹೇಳದೆ ತಪ್ಪಿಸಿಕೊಳ್ಳುವುದು ಮಾತ್ರ ಬೇಡ.

ಆಗುವುದಿಲ್ಲ, ಖುದ್ದಾಗಿಯೇ ಬನ್ನಿ ಎಂದರೆ ವಾದಕ್ಕೆ ಇಳಿಯಬೇಡಿ. ಅದರ ಬದಲು ಇನ್ನೊಂದು ಕೇಳಿ: ಅದೇ ದಿನ ಎರಡು ಸುತ್ತೂ ಮುಗಿಸಲು ಆಗುತ್ತದೆಯೇ? ದೂರದಿಂದ ಬರುವವರಿಗೆ ಇದನ್ನು ಮಾಡಿಕೊಡುವ ಕಂಪನಿಗಳು ಉಂಟು, ಕೇಳಿದವರಿಗೆ ಮಾತ್ರ. ಪ್ರಯಾಣದ ಖರ್ಚು ಕೊಡುತ್ತೀರಾ ಎಂದು ಕೇಳುವುದಿದ್ದರೆ ಅದೂ ಈಗಲೇ, ಹೊರಡುವ ಮುಂಚೆ, ಒಂದೇ ವಾಕ್ಯದಲ್ಲಿ. ಹೋಗಿ ಬಂದ ಮೇಲೆ ಬಿಲ್ಲು ಕಳಿಸಿದರೆ ಯಾರೂ ಕೊಡುವುದಿಲ್ಲ.

ಆಗಲಿ, ವಿಡಿಯೊದಲ್ಲೇ ಮಾಡೋಣ ಎಂದರೋ, ಸಂತೋಷ. ಆದರೆ ಅಲ್ಲಿಗೆ ಮುಗಿಯಿತು ಎಂದು ಕಾಲು ಚಾಚಿ ಕೂರಬೇಡಿ. ನೀವಾಗಿಯೇ ಕೇಳಿ ಪಡೆದ ವಿಡಿಯೊ ಇದು, ಹಾಗಾಗಿ ಅದು ಕೆಟ್ಟರೆ ದೂರು ನಿಮ್ಮ ತಲೆಗೇ. ಯುದ್ಧಕಾಲೇ ಶಸ್ತ್ರಾಭ್ಯಾಸ ಬೇಡ. ಕೊಂಡಿ ಬಂದ ದಿನವೇ ತೆರೆದು ನೋಡಿ, ಜೂಮೋ ಟೀಮ್ಸೋ ಗೂಗಲ್ ಮೀಟೋ ತಿಳಿದುಕೊಳ್ಳಿ, ಹಿಂದಿನ ದಿನ ಸಂಜೆ ಅಕ್ಕನ ಜೊತೆಗೋ ಗೆಳತಿಯ ಜೊತೆಗೋ ಅದರಲ್ಲೇ ಹತ್ತು ನಿಮಿಷ ಮಾತಾಡಿ. ನಿಮ್ಮ ಹೆಸರಿನ ಜಾಗದಲ್ಲಿ ಮೊಬೈಲ್ ಕಂಪನಿಯ ಹೆಸರೋ ತಮ್ಮನ ಅಡ್ಡಹೆಸರೋ ಬರುತ್ತಿದ್ದರೆ ಬದಲಿಸಿ. ಕರೆಂಟು ಹೋದರೆ ವೈಫೈ ಹೋಗುತ್ತದೆ, ಆದ್ದರಿಂದ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಆಗಿರಲಿ, ಮೊಬೈಲಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿಟ್ಟುಕೊಂಡಿರಿ. ಈಗಿನ ಕಚೇರಿಯ ಮೆಟ್ಟಿಲ ಮೇಲೆ ಕೂತು ಮಾತಾಡಬೇಡಿ. ಒಂದೆರಡು ಗಂಟೆ ಪರ್ಮಿಷನ್ ತೆಗೆದುಕೊಂಡು ಮನೆಯಲ್ಲೇ ಕೂರಿ.

ಆರಂಭವಾದ ಕೂಡಲೇ ನೀವೇ ಹೇಳಿ: "ಗುರುತಿನ ಚೀಟಿ ಪಕ್ಕದಲ್ಲೇ ಇದೆ ಸರ್, ಬೇಕಾದರೆ ತೋರಿಸುತ್ತೇನೆ. ಕರೆ ಕಡಿದುಹೋದರೆ ಈ ನಂಬರಿಗೆ ಫೋನ್ ಮಾಡಿ." ಆಗ ಅವರು ಕೇಳಲೋ ಬೇಡವೋ ಎಂದುಕೊಂಡಿದ್ದ ಅನುಮಾನ ಅಲ್ಲೇ ತೀರುತ್ತದೆ. ಕ್ಯಾಮೆರಾ ಆನ್ ಇರಲಿ, ಕಿವಿಗೆ ತಂತಿಯ ಇಯರ್‌ಫೋನ್ ಇರಲಿ, ಕಣ್ಣು ಪದೇ ಪದೇ ಒಂದೇ ಮೂಲೆಗೆ ಹೋಗದಿರಲಿ. ನೀವು ಗೋಡೆ ಗಡಿಯಾರವನ್ನೇ ನೋಡಿರಬಹುದು, ನೀವು ಚೀಟಿ ಓದುತ್ತಿದ್ದೀರಿ ಎಂದು ಅವರು ಅಂದುಕೊಳ್ಳುತ್ತಾರೆ. ಉತ್ತರ ಗೊತ್ತಿಲ್ಲದಾಗ ಧ್ವನಿ ಕೇಳಿಸುತ್ತಿಲ್ಲ ಎನ್ನಬೇಡಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಂಥ ನೆಪ ಎಚ್‌ಆರ್‌ನವರಿಗೆ ಹೊಸದಲ್ಲ, ಕೂಡಲೇ ಗೊತ್ತಾಗುತ್ತದೆ.

ಕೊನೆಯದಾಗಿ, ಮುಂದಿನ ಸುತ್ತಿಗೆ ಖುದ್ದಾಗಿ ಬರುತ್ತೇನೆ ಎಂದು ನೀವೇ ಬರೆದುಕೊಟ್ಟಿದ್ದೀರಿ. ಆ ಕರೆ ಬಂದಾಗ ಮತ್ತೆ ಇದೂ ವಿಡಿಯೊದಲ್ಲೇ ಆಗಬಹುದಾ ಎಂದು ರಾಗ ತೆಗೆಯಬೇಡಿ. ಮೂಲ ಅಂಕಪಟ್ಟಿ, ಆಧಾರ್ ಕಾರ್ಡು, ಕರೆಪತ್ರದ ಪ್ರತಿ ಚೀಲದಲ್ಲಿ ಇಟ್ಟುಕೊಂಡು, ಅವರು ಹೇಳಿದ ದಿನದ ಹಿಂದಿನ ರಾತ್ರಿಯ ಬಸ್ಸು ಹತ್ತಿ.